ನಡುವಿನ ಬಿಳಿಯೇ ಬೇರೆ, ಅಂಚಿನ ಬಿಳಿಯೇ ಬೇರೆ

ಯಂಗ್‌ನ ಜೋಡಿ ಸೀಳಿನ ಪ್ರಯೋಗದಲ್ಲಿ ಪಕ್ಕಪಕ್ಕದ ಎರಡು ಕಿರಿದಾದ ಸೀಳುಗಳಿಂದ ಬಂದ ಬೆಳಕು ಪರದೆಯ ಮೇಲೆ ಬೆಳಕು-ಕತ್ತಲೆಯ ಪಟ್ಟೆಗಳನ್ನು ಮೂಡಿಸುತ್ತದೆ. ಅದಕ್ಕೆ ಬಿಳಿ ಬೆಳಕು ಹಾಕಿದರೆ ಏನಾಗುತ್ತದೆ? ಬೆಂಗಳೂರಿನ ಯಾವ ಪಿಯು ವಿದ್ಯಾರ್ಥಿಯನ್ನಾದರೂ ಕೇಳಿ. “ನಡುವಿನ ಪಟ್ಟೆ ಬಿಳಿ, ಉಳಿದವು ಬಣ್ಣ” ಅನ್ನೋ ಉತ್ತರ ಥಟ್ಟನೆ ಬರುತ್ತದೆ. ಯಾಕೆ ಅಂತ ಕೇಳಿದರೆ, ಸೀಳು ಪಟ್ಟಕದ ಹಾಗೆ ಬಣ್ಣ ಬಿಡಿಸುತ್ತದೆ ಅನ್ನುವವರೇ ಜಾಸ್ತಿ. ಇದು ತಪ್ಪು. ಪಟ್ಟಕದಲ್ಲಿ ಹೆಚ್ಚು ಬಾಗುವುದು ನೇರಳೆ. ಇಲ್ಲಿ ನಡುವಿನಿಂದ ಹೆಚ್ಚು ದೂರ ಸರಿಯುವುದು ಕೆಂಪು. ಕಾರಣವೇ ಬೇರೆ.

ಸೀಳುಗಳ ನಡುವೆ 0.25 ಮಿಲಿಮೀಟರ್ ಅಂತರ, ಪರದೆ 1 ಮೀಟರ್ ದೂರ ಅಂತ ಇಟ್ಟುಕೊಳ್ಳಿ. ಪ್ರತಿ ಬಣ್ಣವೂ ತನ್ನದೇ ಪಟ್ಟೆಗಳನ್ನು ಹಾಕುತ್ತದೆ. 400 ನ್ಯಾನೊಮೀಟರ್ ನೇರಳೆಯ ಪಟ್ಟೆಗಳು 1.6 ಮಿಲಿಮೀಟರಿಗೊಂದು, 700ರ ಕೆಂಪಿನವು 2.8ಕ್ಕೊಂದು. ಅಲೆ ಉದ್ದವಾದಷ್ಟೂ ಪಟ್ಟೆ ಅಗಲ. ಆದರೆ ಸರಿಯಾಗಿ ನಡುವಿನಲ್ಲಿ ಎರಡೂ ಸೀಳುಗಳು ಒಂದೇ ದೂರದಲ್ಲಿವೆ. ಅಲೆ ಚಿಕ್ಕದೋ ದೊಡ್ಡದೋ, ಎರಡು ಕಡೆಯಿಂದ ಬಂದದ್ದು ಹೆಜ್ಜೆ ಕೂಡಿಸಿಯೇ ಬರುತ್ತದೆ. ಎಲ್ಲ ಬಣ್ಣಕ್ಕೂ ಅಲ್ಲಿ ಪೂರ್ತಿ ಬೆಳಕು. ಹಾಗಾಗಿ ಬಿಳಿ.

ಈಗ ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ಒಂದು ಸೀಳಿನಿಂದ ಬರುವ ದಾರಿ ಇನ್ನೊಂದಕ್ಕಿಂತ ಉದ್ದವಾಗುತ್ತದೆ. ವ್ಯತ್ಯಾಸ ಅರ್ಧ ಅಲೆಯಾದಾಗ ಆ ಬಣ್ಣ ಆರುತ್ತದೆ, ಪೂರ್ತಿ ಅಲೆಯಾದಾಗ ಮತ್ತೆ ಹೊಳೆಯುತ್ತದೆ. 0.8 ಮಿಲಿಮೀಟರಿಗೆ ನೇರಳೆ ಪೂರ್ತಿ ಆರಿದೆ, ಕೆಂಪು ಇನ್ನೂ ಶೇಕಡ 40ರ ಹತ್ತಿರ ಉಳಿದಿದೆ. ಅದಕ್ಕೇ ಬಿಳಿ ಪಟ್ಟೆಯ ಅಂಚು ಕೆಂಪಗೆ ಕಾಣುತ್ತದೆ. 1.4ಕ್ಕೆ ಕೆಂಪು ಆರಿತು, ಅಷ್ಟರಲ್ಲಿ ನೇರಳೆ ಮತ್ತೆ ಹೊಳೆಯುತ್ತಿದೆ. ಹೀಗೆ ಮುಂದಿನ ಪಟ್ಟೆಯ ಒಳಅಂಚು ನೀಲಿ-ನೇರಳೆ, ಹೊರಅಂಚು ಕೆಂಪು.

1803ರಲ್ಲಿ ಥಾಮಸ್ ಯಂಗ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ವಿವರಿಸಿದ ಪ್ರಯೋಗದಲ್ಲಿ ಸೀಳುಗಳೇ ಇರಲಿಲ್ಲ. ಕಿಟಕಿಯ ಸೂಜಿರಂಧ್ರದಿಂದ ಬಂದ ಬಿಸಿಲಿಗೆ ಅವರು ಒಂದು ತೆಳು ಕಾರ್ಡನ್ನು ಅಡ್ಡ ಹಿಡಿದಿದ್ದರು. ಅದರ ಎರಡು ಬದಿಗಳಿಂದ ಬಂದ ಬೆಳಕು ಸೇರಿ ನೆರಳಿನೊಳಗೆ ಪಟ್ಟೆಗಳು ಮೂಡಿದವು, ನೆರಳಿನ ನಡುಭಾಗ ಮಾತ್ರ ಯಾವಾಗಲೂ ಬಿಳಿಯಾಗಿಯೇ ಇತ್ತು. ಲ್ಯಾಬಿನ ಸೋಡಿಯಂ ದೀಪದಲ್ಲಿ ಈ ಸುಖ ಇಲ್ಲ. ಎಲ್ಲ ಪಟ್ಟೆಯೂ ಹಳದಿ, ನಡುವಿನದು ಯಾವುದು ಅಂತ ಗುರುತಿಸುವುದೇ ಕಷ್ಟ. ಬಿಳಿ ಬೆಳಕಾದರೆ ಒಂದು ಸೀಳಿಗೆ ತೆಳು ಅಭ್ರಕ ಅಂಟಿಸಿ ನೋಡಬಹುದು. ಬಿಳಿ ಪಟ್ಟೆ ಅಭ್ರಕದ ಕಡೆಗೆ ಜರುಗುವುದು ಕಣ್ಣಿಗೇ ಕಾಣುತ್ತದೆ.

ಇನ್ನೂ ಹೊರಗೆ ಹೋದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ನೇರಳೆಯ ಮೂರನೇ ಪಟ್ಟೆ 4.8 ಮಿಲಿಮೀಟರಿನಲ್ಲಿ, ಕೆಂಪಿನ ಎರಡನೆಯದು 5.6ರಲ್ಲಿ! ಹತ್ತು ಮಿಲಿಮೀಟರ್ ದಾಟಿದರೆ ಕಣ್ಣಿಗೆ ಮತ್ತೆ ಬರೀ ಬಿಳಿ. ಆದರೆ ಇದು ನಡುವಿನ ಬಿಳಿಯಲ್ಲ. 11 ಮಿಲಿಮೀಟರ್ ದೂರದಲ್ಲಿ ಎರಡು ದಾರಿಗಳ ವ್ಯತ್ಯಾಸ 2750 ನ್ಯಾನೊಮೀಟರ್. ಅದರಲ್ಲಿ 550ರ ಹಸಿರು ಸರಿಯಾಗಿ ಐದು ಅಲೆ ಹಿಡಿಸುತ್ತದೆ, ಆದ್ದರಿಂದ ಹೊಳೆಯುತ್ತದೆ. 500ರ ಬೆಳಕು ಐದೂವರೆ ಅಲೆ, ಆದ್ದರಿಂದ ಆರುತ್ತದೆ. ಅಲ್ಲಿ ಸ್ಪೆಕ್ಟ್ರೋಸ್ಕೋಪಿನ ಸೀಳು ಇಟ್ಟರೆ ವರ್ಣಪಟಲದಲ್ಲಿ ಸುಮಾರು 611, 500, 423ರ ಜಾಗಗಳಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ನಡುವಿನ ಬಿಳಿಗೆ ಇಟ್ಟು ನೋಡಿ, ಒಂದು ಗೆರೆಯೂ ಇರುವುದಿಲ್ಲ.