ಮೂತ್ರದಲ್ಲಿ ಪಸ್ ಸೆಲ್ಸ್, ಕಲ್ಚರ್‌ನಲ್ಲಿ ಏನೂ ಇಲ್ಲ: ಅಕ್ಯೂಟ್ ಇಂಟರ್‌ಸ್ಟಿಷಿಯಲ್ ನೆಫ್ರೈಟಿಸ್ ಟಿಪ್ಪಣಿ

ಈ ವಾರ ಕೇಸ್ ಚರ್ಚೆಯಲ್ಲಿ ನಾನು ತಪ್ಪು ಉತ್ತರ ಕೊಟ್ಟೆ. ಮೂತ್ರದಲ್ಲಿ ಬಿಳಿ ರಕ್ತಕಣ ಕಂಡ ಕೂಡಲೇ ಯೂರಿನ್ ಇನ್ಫೆಕ್ಷನ್ ಎಂದೆ. ಎಲ್ಲಿ ತಪ್ಪಿದೆ ಅನ್ನೋದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಿಮಗೂ ಇದೇ ಕಡೆ ಕಾಲು ಜಾರಬಹುದು.

ಕೇಸ್ (ಗುರುತು ಸಿಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ)

58 ವರ್ಷದ ಹೆಂಗಸು, ತೂಕ 52 ಕೆಜಿ. ಕಾಲಿನ ಗಾಯ ಕೀವಾಗಿ ಕೆಂಪಗೆ ಊದಿತ್ತು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಶುರುವಾಯಿತು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು, ಕಾಲಿನ ಊತವೂ ಇಳಿಯಿತು. ಒಂಬತ್ತನೇ ದಿನ ಮತ್ತೆ ಜ್ವರ. ಎದೆ, ಬೆನ್ನಿನ ಮೇಲೆ ತುರಿಕೆಯ ಕೆಂಪು ದದ್ದು. ಸೊಂಟದ ಎರಡೂ ಕಡೆ ಮಂದ ನೋವು. ಉರಿಮೂತ್ರ ಇಲ್ಲ.

ಮೂತ್ರದಲ್ಲಿ ಪಸ್ ಸೆಲ್ಸ್ 25–30, ಪ್ರೋಟೀನ್ ಒಂದು ಪ್ಲಸ್, ನೈಟ್ರೈಟ್ ನೆಗೆಟಿವ್. ರಕ್ತದಲ್ಲಿ ಇಯೊಸಿನೊಫಿಲ್, ಅಂದರೆ ಅಲರ್ಜಿಯಲ್ಲಿ ಏರುವ ಬಿಳಿ ಕಣ, 9%. ಕಿಡ್ನಿ ಕೆಲಸ ತಗ್ಗಿದಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮೊದಲು 0.9 ಇತ್ತು, ಈಗ 2.8. ಎರಡು ದಿನ ಬಿಟ್ಟು ಕಲ್ಚರ್ ರಿಪೋರ್ಟ್ ಬಂತು, ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ. ಅಷ್ಟರಲ್ಲಿ ಕ್ರಿಯಾಟಿನಿನ್ 3.6.

"ಇನ್ನೊಂದು ಆಂಟಿಬಯಾಟಿಕ್ ಸೇರಿಸಬೇಕು" ಎಂದಿದ್ದೆ. ಆಕೆಗೆ ಆಗಿದ್ದು ಅಕ್ಯೂಟ್ ಇಂಟರ್‌ಸ್ಟಿಷಿಯಲ್ ನೆಫ್ರೈಟಿಸ್, ಅಂದರೆ ಔಷಧಿ ಒಗ್ಗದೆ ಕಿಡ್ನಿಯಲ್ಲಿ ಎದ್ದ ಉರಿಯೂತ. ಈ ಕಾಯಿಲೆಯಲ್ಲಿ ಮಾಡಬಾರದ ಕೆಲಸ ಅದೇ.

ಸೋಂಕಿಲ್ಲದೆ ಪಸ್ ಸೆಲ್ಸ್ ಹೇಗೆ ಬರುತ್ತವೆ?

ನಾನು ಸಿಕ್ಕಿಬಿದ್ದದ್ದು ಇಲ್ಲೇ. ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಪಸ್ ಸೆಲ್ ಅಂದರೆ ಬಿಳಿ ರಕ್ತಕಣ, ಅಷ್ಟೇ. ರಿಪೋರ್ಟ್‌ನಲ್ಲಿ 'ಪಸ್' ಅಂತ ಇರುವುದರಿಂದ ನಮ್ಮ ತಲೆ ನೇರವಾಗಿ ಕೀವಿಗೆ, ಅಲ್ಲಿಂದ ಬ್ಯಾಕ್ಟೀರಿಯಾಕ್ಕೆ ಹೋಗುತ್ತದೆ. ಆದರೆ ಬಿಳಿ ಕಣ ಉರಿಯೂತ ಎಲ್ಲಿದ್ದರೂ ಬರುತ್ತದೆ.

ಕಿಡ್ನಿಯಲ್ಲಿ ರಕ್ತ ಸೋಸುವ ಉಂಡೆಗಳಿವೆ, ಅವುಗಳಿಂದ ಹೊರಡುವ ನಳಿಕೆಗಳಿವೆ. ನಳಿಕೆಗಳ ನಡುವಿನ ಸಣ್ಣ ಸಂದಿಯೇ ಇಂಟರ್‌ಸ್ಟಿಷಿಯಂ. ಔಷಧಿಯ ಅಂಶ ಅಲ್ಲಿನ ಪ್ರೋಟೀನ್‌ಗೆ ಅಂಟಿಕೊಂಡರೆ, ಕೆಲವರ ದೇಹ ಅದನ್ನು ಪರಕೀಯ ಎಂದು ಎಣಿಸುತ್ತದೆ. ಟಿ-ಕಣಗಳು ಆ ಸಂದಿಗೆ ನುಗ್ಗುತ್ತವೆ. ಸಂದಿ ಊದುತ್ತದೆ. ಕಣಗಳು ಅಲ್ಲಿಗೇ ನಿಲ್ಲುವುದಿಲ್ಲ, ನಳಿಕೆಯ ಗೋಡೆ ದಾಟಿ ಒಳಗೆ ಬೀಳುತ್ತವೆ. ಅಲ್ಲಿಂದ ಮೂತ್ರದ ಜೊತೆ ಹೊರಗೆ. ನಾವು ಸೂಕ್ಷ್ಮದರ್ಶಕದಲ್ಲಿ ನೋಡುವುದು ಇವನ್ನೇ.

ಕೆಲವು ಕಣಗಳು ನಳಿಕೆಯೊಳಗೇ ಒಟ್ಟಾಗಿ ಅಂಟಿಕೊಂಡು ಅದರ ಆಕಾರದಲ್ಲೇ ಹೊರಬರುತ್ತವೆ, ಒರಳಿನ ತೂತಿನಿಂದ ಶ್ಯಾವಿಗೆ ಬಂದ ಹಾಗೆ. ಅದೇ ಬಿಳಿ ಕಣದ ಕಾಸ್ಟ್. ಕಾಸ್ಟ್ ಕಂಡರೆ ಕಣಗಳು ಬಂದದ್ದು ಮೂತ್ರಕೋಶದಿಂದಲ್ಲ, ಕಿಡ್ನಿಯಿಂದ ಎಂದು ಖಚಿತ. ಆದರೆ ಕಿಡ್ನಿಗೇ ಸೋಂಕಾದಾಗಲೂ ಇದು ಕಾಣುತ್ತದೆ, ಹಾಗಾಗಿ ಇದೊಂದರಿಂದಲೇ ತೀರ್ಮಾನ ಬೇಡ.

ಈಗ ನನ್ನ ಗೊಂದಲದ ಎರಡನೇ ಸುತ್ತು. ಆಕೆ ಒಂಬತ್ತು ದಿನ ಆಂಟಿಬಯಾಟಿಕ್ ತೆಗೆದುಕೊಂಡಿದ್ದಾರೆ. ಸೋಂಕು ಇದ್ದರೂ ಆ ಔಷಧಿಯಿಂದಲೇ ಕಲ್ಚರ್ ಖಾಲಿ ಬಂದಿರಬಹುದು, ಅಲ್ವಾ? ಹೌದು, ಬಂದಿರಬಹುದು. ಅದಕ್ಕೇ ಕಲ್ಚರ್ ಒಂದನ್ನೇ ನಂಬಬಾರದು. ಇಲ್ಲಿ ದಾರಿ ತೋರಿಸಿದ್ದು ಕ್ರಿಯಾಟಿನಿನ್. ಎರಡು ಒಳ್ಳೆಯ ಕಿಡ್ನಿ ಇರುವವರಲ್ಲಿ, ಮೂತ್ರಕ್ಕೆ ಅಡ್ಡಿಯಿಲ್ಲದೆ, ರಕ್ತದೊತ್ತಡ ಕುಸಿಯದೆ, ಬರೀ ಮೂತ್ರದ ಸೋಂಕಿಗೆ ಕ್ರಿಯಾಟಿನಿನ್ 0.9ರಿಂದ 3.6ಕ್ಕೆ ಏರುವುದು ಅಪರೂಪ. ಜೊತೆಗೆ ಉರಿಮೂತ್ರ ಇಲ್ಲ, ಹೊಸ ದದ್ದು ಇದೆ.

ನಾನು ಇಟ್ಟುಕೊಂಡ ಸೂತ್ರ ಇದು: ಪಸ್ ಸೆಲ್ಸ್ ಇದ್ದು, ಕಲ್ಚರ್ ಖಾಲಿ ಇದ್ದು, ಕ್ರಿಯಾಟಿನಿನ್ ಏರುತ್ತಿದ್ದರೆ ಮೊದಲು ಔಷಧಿ ಚೀಟಿ ನೋಡಬೇಕು.

ಮೂತ್ರದಲ್ಲಿ ಇಯೊಸಿನೊಫಿಲ್ ಹುಡುಕುವ ಪರೀಕ್ಷೆ ಹಳೆಯ ನೋಟ್ಸ್‌ಗಳಲ್ಲಿ ಇದೆ. ಅದನ್ನು ನೆಚ್ಚಿಕೊಳ್ಳಬೇಡಿ. ಕಾಯಿಲೆ ಇದ್ದವರಲ್ಲೂ ಬಹಳ ಸಲ ಸಿಗುವುದಿಲ್ಲ, ಬೇರೆ ಕಿಡ್ನಿ ಕಾಯಿಲೆಗಳಲ್ಲೂ ಸಿಗುತ್ತದೆ.

ಚೀಟಿಯಲ್ಲಿ ಎರಡು ಹೆಸರು

ಆಕೆಯ ಚೀಟಿಯಲ್ಲಿ ಪ್ಯಾಂಟೊಪ್ರಜೋಲ್ 40 ಕೂಡ ಇತ್ತು. ನಾಲ್ಕು ತಿಂಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುತ್ತಿದ್ದರು. "ಬೇರೆ ಏನಾದರೂ ಮಾತ್ರೆ ತಗೋತೀರಾ?" ಎಂದು ಕೇಳಿದಾಗ ಇಲ್ಲ ಎಂದಿದ್ದರು. "ಗ್ಯಾಸ್ ಮಾತ್ರೆ ಏನಾದ್ರೂ?" ಎಂದಾಗ "ಅದು ದಿನಾ ತಗೋತೀನಲ್ಲಪ್ಪ" ಎಂದರು. ನಮ್ಮ ಕಡೆ ಗ್ಯಾಸ್ ಮಾತ್ರೆ ಯಾರ ಲೆಕ್ಕದಲ್ಲೂ ಔಷಧಿಯಲ್ಲ. ಆ ಹೆಸರಿನಿಂದಲೇ ಕೇಳಬೇಕು.

ಎರಡರ ನಡೆ ಬೇರೆ ಬೇರೆ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿಯಾದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಶುರು. ಮೊದಲೇ ಒಮ್ಮೆ ಒಗ್ಗದೆ ಹೋಗಿದ್ದರೆ ಮೂರರಿಂದ ಐದು ದಿನವೇ ಸಾಕು. ಜ್ವರ, ದದ್ದು ಜಾಸ್ತಿ ಕಾಣುವುದು ಇದರಲ್ಲೇ. ಗ್ಯಾಸ್ ಮಾತ್ರೆಯದು ಸದ್ದಿಲ್ಲದ ದಾರಿ. ವಾರಗಳು, ತಿಂಗಳುಗಳು ಕಳೆದ ಮೇಲೆ ಬರುತ್ತದೆ. ಹೆಚ್ಚಿನವರಲ್ಲಿ ಜ್ವರವೂ ಇರುವುದಿಲ್ಲ, ದದ್ದೂ ಇರುವುದಿಲ್ಲ. ಸುಮ್ನೆ ಸುಸ್ತು, ಊಟ ಸೇರದಿರುವುದು, ಏರಿದ ಕ್ರಿಯಾಟಿನಿನ್.

ಜ್ವರ, ದದ್ದು, ಇಯೊಸಿನೊಫಿಲ್ ಮೂರೂ ಒಟ್ಟಿಗೆ ಸಿಗುವುದು ಹತ್ತರಲ್ಲಿ ಒಬ್ಬರಿಗೆ. ಈ ತ್ರಿಕೂಟ ಹೆಸರಾದದ್ದು ಮೆಥಿಸಿಲಿನ್ ಎಂಬ ಹಳೆಯ ಪೆನಿಸಿಲಿನ್ ಬಳಸುತ್ತಿದ್ದ ಕಾಲದಲ್ಲಿ. ಈ ಕೇಸ್‌ನಲ್ಲಿ ಮೂರೂ ಇದ್ದವು, ಹಾಗಾಗಿ ಅನುಮಾನ ಅಮಾಕ್ಸಿಸಿಲಿನ್ ಕಡೆ ಜಾಸ್ತಿ. ಆದರೆ ಪ್ಯಾಂಟೊಪ್ರಜೋಲ್ ಅಲ್ಲವೇ ಅಲ್ಲ ಎನ್ನಲು ಆಧಾರವಿಲ್ಲ. ಹನ್ನೊಂದನೇ ದಿನ ಎರಡನ್ನೂ ನಿಲ್ಲಿಸಿದರು. ಪ್ಯಾಂಟೊಪ್ರಜೋಲ್ ಬದಲು ಒಮೆಪ್ರಜೋಲ್ ಕೊಟ್ಟರೆ ನಿಲ್ಲಿಸಿದ ಹಾಗಲ್ಲ, ಅದೇ ಗುಂಪಿನದು.

ಇದು ಅಲರ್ಜಿಯ ಥರದ ಪ್ರತಿಕ್ರಿಯೆ, ಡೋಸ್ ಹೆಚ್ಚಾಗಿ ಆದದ್ದಲ್ಲ. ಹಾಗಾಗಿ ಅರ್ಧ ಮಾತ್ರೆ ಮಾಡಿ ಕೊಡುವುದರಿಂದ ಪ್ರಯೋಜನವಿಲ್ಲ.

ಮುಂದೆ

ನಿಲ್ಲಿಸಿ ಐದು ದಿನವಾದರೂ ಕ್ರಿಯಾಟಿನಿನ್ 3.5. ಬಯಾಪ್ಸಿ ಮಾಡಿದರು. ಸಂದಿಯಲ್ಲಿ ಊತ, ತುಂಬಾ ಲಿಂಫೋಸೈಟ್, ಅಲ್ಲಲ್ಲಿ ಇಯೊಸಿನೊಫಿಲ್, ನಳಿಕೆಯ ಗೋಡೆಯೊಳಗೂ ಕಣಗಳು. ಸೋಸುವ ಉಂಡೆಗಳು ಸರಿಯಾಗಿದ್ದವು. ಖಚಿತವಾಗುವುದು ಬಯಾಪ್ಸಿಯಿಂದ ಮಾತ್ರ.

ದಿನಕ್ಕೆ 50 ಮಿಲಿಗ್ರಾಂ ಪ್ರೆಡ್ನಿಸಲೋನ್ ಶುರುವಾಯಿತು, ಅಂದರೆ ಕೆಜಿಗೆ ಸುಮಾರು 1 ಮಿಲಿಗ್ರಾಂ. ಎರಡು ವಾರದ ನಂತರ ಇಳಿಸುತ್ತಾ ಬಂದು, ಒಟ್ಟು ಆರು ವಾರಕ್ಕೆ ನಿಲ್ಲಿಸಿದರು. ಸ್ಟಿರಾಯ್ಡ್‌ಗೆ ಗಟ್ಟಿ ಪುರಾವೆ ಕಡಿಮೆ, ಇರುವುದು ಹೆಚ್ಚಾಗಿ ಹಳೆಯ ದಾಖಲೆಗಳನ್ನು ನೋಡಿ ಮಾಡಿದ ಅಧ್ಯಯನಗಳು. 2008ರಲ್ಲಿ ಪ್ರಕಟವಾದ ಸ್ಪೇನ್‌ನ ಅಧ್ಯಯನದಲ್ಲಿ, ಪೂರ್ತಿ ಚೇತರಿಸಿಕೊಂಡವರಿಗೆ ಔಷಧಿ ನಿಲ್ಲಿಸಿದ ಸರಾಸರಿ 13 ದಿನಕ್ಕೆ ಸ್ಟಿರಾಯ್ಡ್ ಶುರುವಾಗಿತ್ತು, ಚೇತರಿಸದವರಿಗೆ 34 ದಿನಕ್ಕೆ. ತಡವಾದಷ್ಟೂ ಸಂದಿಯಲ್ಲಿ ಗಾಯದ ನಾರು ಕಟ್ಟುತ್ತದೆ, ಆ ಭಾಗ ಮತ್ತೆ ಕೆಲಸ ಮಾಡುವುದಿಲ್ಲ.

ಎರಡು ವಾರಕ್ಕೆ ಕ್ರಿಯಾಟಿನಿನ್ 1.9, ಮೂರು ತಿಂಗಳಿಗೆ 1.3. ನಾನು ಇದನ್ನು "ನಾರ್ಮಲ್ ಹತ್ತಿರ ಬಂತು" ಎಂದು ಬರೆದುಕೊಂಡಿದ್ದೆ. ಆಮೇಲೆ ಕಿಡ್ನಿ ಸೋಸುವ ವೇಗ ಲೆಕ್ಕ ಹಾಕಿದೆ. ಈ ವಯಸ್ಸಿನ ಹೆಂಗಸಿಗೆ 0.9 ಇದ್ದಾಗ ಅದು ಸುಮಾರು 74, 1.3 ಇರುವಾಗ ಸುಮಾರು 48. ಮೂರನೇ ಒಂದು ಭಾಗ ವಾಪಸ್ ಬಂದಿಲ್ಲ. ಆಕೆಯ ಕಾರ್ಡ್ ಮೇಲೆ ಈಗ ಎರಡೂ ಔಷಧಿಗಳ ಹೆಸರು ಕೆಂಪು ಶಾಯಿಯಲ್ಲಿದೆ. ಪಕ್ಕದಲ್ಲಿ ಕನ್ನಡದಲ್ಲಿ, ದೊಡ್ಡದಾಗಿ: 'ಗ್ಯಾಸ್ ಮಾತ್ರೆ ಕೇಳದೆ ತಗೋಬೇಡಿ'.