ಸಮಾಸದಲ್ಲಿ ಯಾವ ಪದ ಪ್ರಧಾನ? ತತ್ಪುರುಷ, ದ್ವಂದ್ವ, ಬಹುವ್ರೀಹಿಗಳು ಮತ್ತು ಇಂಗ್ಲಿಷಿನ ಸಮಸ್ತಪದಗಳು

ಸಮಾಸಗಳನ್ನು ನಾವು ಸಾಮಾನ್ಯವಾಗಿ ಹೆಸರು, ಲಕ್ಷಣ, ಎರಡು ಉದಾಹರಣೆ ಎಂಬ ಕ್ರಮದಲ್ಲಿ ಬಾಯಿಪಾಠ ಮಾಡುತ್ತೇವೆ. ಆದರೆ ಹೊಸ ಪದವೊಂದನ್ನು ಕೊಟ್ಟು ಇದು ಯಾವ ಸಮಾಸ ಎಂದು ಕೇಳಿದಾಗ ಬಾಯಿಪಾಠ ಹೆಚ್ಚು ದೂರ ನಡೆಸುವುದಿಲ್ಲ. ಸಂಸ್ಕೃತ ವೈಯಾಕರಣರು ಸಮಾಸಗಳನ್ನು ವಿಂಗಡಿಸಲು ಬಳಸಿದ ಮೂಲ ಪ್ರಶ್ನೆ ಒಂದೇ: ಸಮಸ್ತಪದದಲ್ಲಿ ಯಾವ ಪದದ ಅರ್ಥ ಪ್ರಧಾನವಾಗಿದೆ? ಉತ್ತರಪದದ ಅರ್ಥ ಪ್ರಧಾನವಾದರೆ ತತ್ಪುರುಷ, ಎರಡೂ ಪದಗಳ ಅರ್ಥ ಪ್ರಧಾನವಾದರೆ ದ್ವಂದ್ವ, ಎರಡೂ ಅಲ್ಲದೆ ಹೊರಗಿನ ಮತ್ತೊಂದು ಪದದ ಅರ್ಥ ಪ್ರಧಾನವಾದರೆ ಬಹುವ್ರೀಹಿ. ಈ ಟಿಪ್ಪಣಿಯಲ್ಲಿ ಆ ಪ್ರಶ್ನೆಯನ್ನೇ ಹಿಡಿದು, ಉತ್ತರವನ್ನು ಊಹೆಯಿಂದಲ್ಲದೆ ವಾಕ್ಯದೊಳಗಿನ ಸಾಕ್ಷಿಯಿಂದ ಕಂಡುಕೊಳ್ಳುವುದು ಹೇಗೆ ಎಂಬುದನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ನೋಡೋಣ. ಇಂಗ್ಲಿಷ್ ಭಾಷಾವಿಜ್ಞಾನಿಗಳು ಬಹುವ್ರೀಹಿ, ದ್ವಂದ್ವ ಎಂಬ ಹೆಸರುಗಳನ್ನು ಸಂಸ್ಕೃತದಿಂದಲೇ ತೆಗೆದುಕೊಂಡು ಇಂದಿಗೂ ಬಳಸುತ್ತಾರಾದ್ದರಿಂದ ಈ ಹೋಲಿಕೆ ನಾವು ಬಲವಂತವಾಗಿ ಹೇರಿದ್ದಲ್ಲ.

ಮೊದಲು ತತ್ಪುರುಷವನ್ನು ನೋಡೋಣ. ‘ತಲೆನೋವು’ ಎಂಬುದನ್ನು ‘ತಲೆಯಲ್ಲಿ ನೋವು’ ಎಂದು ಬಿಡಿಸುತ್ತೇವೆ. ಹೀಗೆ ಬಿಡಿಸಿದ ವಾಕ್ಯವೇ ವಿಗ್ರಹವಾಕ್ಯ. ಇಲ್ಲಿ ಮಾತು ನಡೆಯುತ್ತಿರುವುದು ನೋವಿನ ವಿಷಯದಲ್ಲಿ, ತಲೆ ಎಂಬುದು ಆ ನೋವು ಎಲ್ಲಿಯದು ಎಂದಷ್ಟೇ ಹೇಳುತ್ತದೆ. ಸಮಾಸವಾದಾಗ ‘ಅಲ್ಲಿ’ ಎಂಬ ಸಪ್ತಮೀ ಪ್ರತ್ಯಯ ಲೋಪವಾಗಿದೆ. ಇಂಗ್ಲಿಷಿನ ‘ಹೆಡೇಕ್’ ಕೂಡ ಇದೇ ರೀತಿ ಕಟ್ಟಿಕೊಂಡ ಪದ. ವ್ಯತ್ಯಾಸವೆಂದರೆ, ನಾವು ಲೋಪವಾದ ವಿಭಕ್ತಿಯ ಹೆಸರಿನಿಂದ ತತ್ಪುರುಷವನ್ನು ತೃತೀಯಾ, ಚತುರ್ಥೀ, ಷಷ್ಠೀ ಎಂದು ಒಳವಿಂಗಡಣೆ ಮಾಡುತ್ತೇವೆ. ಇಂಗ್ಲಿಷಿನ ನಾಮಪದಗಳಲ್ಲಿ ಅಂಥ ವಿಭಕ್ತಿ ಪ್ರತ್ಯಯಗಳು ಬಹುಮಟ್ಟಿಗೆ ಉಳಿದಿಲ್ಲವಾದ್ದರಿಂದ ಆ ಸಂಬಂಧವನ್ನು ಕೇಳುಗರೇ ತಮ್ಮ ಲೋಕಜ್ಞಾನದಿಂದ ತುಂಬಿಕೊಳ್ಳಬೇಕು. ‘ಆಲಿವ್ ಆಯಿಲ್’ ಎಂದರೆ ಆಲಿವ್ ಕಾಯಿಯಿಂದ ತೆಗೆದ ಎಣ್ಣೆ, ‘ಬೇಬಿ ಆಯಿಲ್’ ಎಂದರೆ ಮಗುವಿಗೆ ಹಚ್ಚುವ ಎಣ್ಣೆ. ರಚನೆ ಒಂದೇ, ವಿಗ್ರಹ ಬೇರೆ. ಕನ್ನಡಕ್ಕೂ ಈ ತೊಡಕು ತಪ್ಪಿದ್ದಲ್ಲ. ‘ಎಳ್ಳೆಣ್ಣೆ’ ಎಳ್ಳಿನ ಎಣ್ಣೆ, ‘ತಲೆದಿಂಬು’ ತಲೆಗೆ ದಿಂಬು. ಪ್ರತ್ಯಯ ಒಮ್ಮೆ ಲೋಪವಾದ ಮೇಲೆ ನಾವೂ ಅರ್ಥ ನೋಡಿಯೇ ಅದನ್ನು ಮರಳಿ ಸೇರಿಸುತ್ತೇವೆ.

ಲೋಪವಾಗುವುದು ವಿಭಕ್ತಿ ಪ್ರತ್ಯಯ ಮಾತ್ರವಲ್ಲ, ವಚನದ ಗುರುತೂ ಹೋಗುತ್ತದೆ. ಹಲ್ಲುಗಳನ್ನು ಉಜ್ಜುವುದು ‘ಹಲ್ಲುಪುಡಿ’ಯಿಂದ, ‘ಹಲ್ಲುಗಳಪುಡಿ’ಯಿಂದಲ್ಲ. ಇಂಗ್ಲಿಷಿನಲ್ಲೂ ಬಾಯಿತುಂಬ ಹಲ್ಲಿದ್ದರೂ ಬ್ರಷ್ಷು ‘ಟೂತ್‌ಬ್ರಷ್’, ‘ಟೀತ್‌ಬ್ರಷ್’ ಅಲ್ಲ. ಪೂರ್ವಪದ ಹೀಗೆ ಬರಿಯ ಪ್ರಕೃತಿಯಾಗಿ ನಿಂತು, ಬಹುವಚನವೂ ವಿಭಕ್ತಿಯೂ ಕೊನೆಯಲ್ಲಿ ಸೇರುತ್ತವೆ. ಉತ್ತರಪದ ಪ್ರಧಾನ ಎಂಬ ಮಾತಿಗೆ ಇದೇ ಕಣ್ಣಿಗೆ ಕಾಣುವ ರೂಪ. ಈ ಅಂಶವನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭವಾಗುತ್ತದೆ.

ಪೂರ್ವಪದ ವಿಶೇಷಣವಾಗಿದ್ದರೆ ಅದು ಕರ್ಮಧಾರಯ. ‘ಹಿರಿದು ದಾರಿ’ ಹೆದ್ದಾರಿಯಾಗುತ್ತದೆ, ‘ಕೆಚ್ಚನೆಯ ತಾವರೆ’ ಕೆಂದಾವರೆಯಾಗುತ್ತದೆ. ಬಿಡಿಪದಗಳು ಒಂದಾಗಿವೆ ಎಂಬುದನ್ನು ಕನ್ನಡ ಇಲ್ಲಿ ಧ್ವನಿಯ ಬದಲಾವಣೆಯಿಂದ ಸಾರುತ್ತದೆ: ತಾವರೆಯ ತಕಾರ ದಕಾರವಾಯಿತು. ಮರಗಾಲು, ಬೆಟ್ಟದಾವರೆಗಳಲ್ಲಿ ಕಾಣುವುದೂ ಇದೇ ಆದೇಶ ಸಂಧಿ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಉಚ್ಚಾರಣೆಯ ಒತ್ತು ಮಾಡುತ್ತದೆ. ‘ಬ್ಲ್ಯಾಕ್’ ಎಂಬುದರ ಮೇಲೆ ಒತ್ತು ಕೊಟ್ಟು ‘ಬ್ಲ್ಯಾಕ್‌ಬರ್ಡ್’ ಎಂದರೆ ಅದೊಂದು ಹಕ್ಕಿಯ ಜಾತಿ, ‘ಬರ್ಡ್’ ಮೇಲೆ ಒತ್ತು ಬಿದ್ದರೆ ಕಪ್ಪಾಗಿರುವ ಯಾವುದೇ ಹಕ್ಕಿ. ಆದರೆ ಈ ನಿಯಮವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ‘ಆಪಲ್ ಕೇಕ್’ನಲ್ಲಿ ಒತ್ತು ಮೊದಲ ಪದದ ಮೇಲೆ ಬೀಳುತ್ತದೆ, ‘ಆಪಲ್ ಪೈ’ಯಲ್ಲಿ ಸಾಮಾನ್ಯವಾಗಿ ಎರಡನೆಯದರ ಮೇಲೆ. ಪದಗಳನ್ನು ಕೂಡಿಸಿ ಬರೆದಿದ್ದಾರೆಯೇ, ಬಿಡಿಸಿ ಬರೆದಿದ್ದಾರೆಯೇ ಎಂಬುದಂತೂ ಇನ್ನೂ ದುರ್ಬಲ ಸಾಕ್ಷಿ. ‘ವಾಷಿಂಗ್ ಮಷೀನ್’ ನಡುವೆ ಜಾಗ ಬಿಟ್ಟು ಬರೆದರೂ ಸಮಸ್ತಪದವೇ.

ಕಲಿಯುವವರು ಹೆಚ್ಚಾಗಿ ಎಡವುವುದು ಕರ್ಮಧಾರಯ ಮತ್ತು ಬಹುವ್ರೀಹಿಗಳ ನಡುವೆ. ‘ಪೀತಾಂಬರ’ ಯಾವ ಸಮಾಸ ಎಂದು ಕೇಳಿದರೆ ಅರ್ಧ ತರಗತಿ ಕರ್ಮಧಾರಯ ಎನ್ನುತ್ತದೆ, ಉಳಿದರ್ಧ ಬಹುವ್ರೀಹಿ ಎನ್ನುತ್ತದೆ. ಪದವನ್ನು ಒಂಟಿಯಾಗಿ ಕೊಟ್ಟರೆ ಎರಡೂ ಸರಿ. ಪ್ರಶ್ನೆಯೇ ಅಪೂರ್ಣವಾಗಿದೆ. ಅದನ್ನು ವಾಕ್ಯದೊಳಗೆ ಇಟ್ಟು ನೋಡಬೇಕು. ‘ಪೀತಾಂಬರವನ್ನು ಉಟ್ಟನು’ ಎಂಬಲ್ಲಿ ಪದ ನಪುಂಸಕಲಿಂಗದಲ್ಲಿದೆ, ಅಂಬರ ಎಂದರೆ ಬಟ್ಟೆ, ಆ ಬಟ್ಟೆಯದೇ ಲಿಂಗ ಇಡೀ ಪದಕ್ಕೂ ಬಂದಿದೆ. ಆದ್ದರಿಂದ ಇದು ‘ಹಳದಿಯಾದ ಬಟ್ಟೆ’, ಕರ್ಮಧಾರಯ. ‘ಪೀತಾಂಬರನು ಬಂದನು’ ಎಂಬಲ್ಲಿ ಪದ ಪುಲ್ಲಿಂಗವಾಗಿದೆ. ಪೀತವೂ ಪುಲ್ಲಿಂಗವಲ್ಲ, ಅಂಬರವೂ ಅಲ್ಲ. ಹಾಗಿದ್ದರೆ ಈ ಲಿಂಗ ಬಂದದ್ದು ಹೊರಗಿನಿಂದ, ‘ಹಳದಿ ಬಟ್ಟೆಯನ್ನು ಉಟ್ಟವನು ಯಾವನೋ ಅವನು’ ಎಂಬ ವಿಷ್ಣುವಿನಿಂದ. ಅನ್ಯಪದ ಪ್ರಧಾನ ಎಂಬ ಲಕ್ಷಣಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಡ. ಅಚ್ಚಗನ್ನಡದ ಪದಗಳಲ್ಲಿ ಈ ಹೆಜ್ಜೆಗುರುತು ಪದದ ಕೊನೆಯಲ್ಲೇ ಉಳಿಯುತ್ತದೆ: ಕೆಂಗಣ್ಣು ಎಂದರೆ ಕಣ್ಣು, ಕೆಂಗಣ್ಣ ಎಂದರೆ ಅಂಥ ಕಣ್ಣುಳ್ಳವನು. ಉಕಾರ ಹೋಗಿ ಅಕಾರ ಬಂದದ್ದರಲ್ಲೇ ಸಮಾಸ ಬದಲಾಯಿತು. ಮುಕ್ಕಣ್ಣ, ನಾಲ್ಮೊಗ ಮುಂತಾದವನ್ನೂ ಹೀಗೆಯೇ ಪರೀಕ್ಷಿಸಬಹುದು.

ಇಂಗ್ಲಿಷಿನಲ್ಲಿ ನಾಮಪದಕ್ಕೆ ವ್ಯಾಕರಣದ ಲಿಂಗವಿಲ್ಲ. ಹಾಗಾದರೆ ಸಾಕ್ಷಿ ಎಲ್ಲಿಂದ ತರುವುದು? ಬಹುವಚನದಿಂದ. ‘ಟೂತ್’ ಎಂಬುದರ ಬಹುವಚನ ‘ಟೀತ್’. ‘ವಿಸ್ಡಮ್ ಟೂತ್’ ಒಂದು ಬಗೆಯ ಹಲ್ಲೇ ಆದ್ದರಿಂದ ಅದರ ಬಹುವಚನ ‘ವಿಸ್ಡಮ್ ಟೀತ್’. ಆದರೆ ‘ಸೇಬರ್‌ಟೂತ್’ ಎಂಬುದು ಹಲ್ಲಲ್ಲ, ಕತ್ತಿಯಂಥ ಹಲ್ಲುಳ್ಳ, ಈಗ ಅಳಿದುಹೋಗಿರುವ ಪ್ರಾಣಿ. ಅದರ ಬಹುವಚನ ‘ಸೇಬರ್‌ಟೂತ್ಸ್’. ‘ಹೌಸ್‌ವೈಫ್’ ‘ಹೌಸ್‌ವೈವ್ಸ್’ ಆಗುತ್ತದೆ, ಏಕೆಂದರೆ ಅಲ್ಲಿ ಮಾತು ಹೆಂಡತಿಯದೇ. ‘ಲೋಲೈಫ್’ ಎಂಬ ಬೈಗುಳ ಮಾತ್ರ ‘ಲೋಲೈವ್ಸ್’ ಆಗದೆ ‘ಲೋಲೈಫ್ಸ್’ ಆಗುತ್ತದೆ, ಏಕೆಂದರೆ ಅದು ಬದುಕಿನ ಹೆಸರಲ್ಲ, ಕೀಳು ಬದುಕು ಬಾಳುವ ಮನುಷ್ಯನ ಹೆಸರು. ಉತ್ತರಪದ ಪ್ರಧಾನವಾಗಿಲ್ಲದಿದ್ದಾಗ ಅದರ ವಿಶೇಷ ಬಹುವಚನ ಇಡೀ ಪದಕ್ಕೆ ದಾಟಿಬರುವುದಿಲ್ಲ. ಅಂಬರದ ನಪುಂಸಕಲಿಂಗ ಪೀತಾಂಬರನಿಗೆ ದಾಟದಿದ್ದುದು ಇದೇ ಕಾರಣಕ್ಕೆ. ಒಂದು ಮಿತಿಯನ್ನೂ ಗುರುತು ಹಾಕಿಕೊಳ್ಳಬೇಕು: ‘ರೆಡ್‌ಹೆಡ್’ ಬಹುವ್ರೀಹಿಯೇ ಆದರೂ ‘ಹೆಡ್’ ಎಂಬುದರ ಬಹುವಚನ ಹೇಗೂ ‘ಹೆಡ್ಸ್’ ಆದ್ದರಿಂದ ಅಲ್ಲಿ ಈ ಪರೀಕ್ಷೆ ಏನನ್ನೂ ಹೇಳದು. ಅಲ್ಲಿ ಅರ್ಥವನ್ನೇ ಕೇಳಬೇಕು: ರೆಡ್‌ಹೆಡ್ ಒಂದು ತಲೆಯೇ? ಅಲ್ಲ, ಕೆಂಗೂದಲಿನ ವ್ಯಕ್ತಿ.

ಒತ್ತಿನಿಂದ ಸಮಾಸ ಬದಲಾಗುವುದು ಇಂಗ್ಲಿಷಿಗಷ್ಟೇ ಸೇರಿದ ವಿಚಾರ ಎಂದು ಭಾವಿಸಬೇಕಿಲ್ಲ. ತೈತ್ತಿರೀಯ ಸಂಹಿತೆಯಲ್ಲಿ ಬರುವ ವೃತ್ರನ ಕಥೆ ವೈಯಾಕರಣರಿಗೆ ಬಹಳ ಪ್ರಿಯವಾದುದು. ಇಂದ್ರನನ್ನು ಕೊಲ್ಲಬಲ್ಲ ಮಗ ಬೇಕೆಂದು ಯಜ್ಞ ಮಾಡುತ್ತಿದ್ದ ತ್ವಷ್ಟೃವು ‘ಇಂದ್ರಶತ್ರು’ ಎಂಬ ಪದವನ್ನು ಉಚ್ಚರಿಸುವಾಗ ಉದಾತ್ತ ಎಂಬ ಏರುದನಿಯ ಸ್ವರವನ್ನು ಕೊನೆಯಲ್ಲಿ ಇಡುವ ಬದಲು ಮೊದಲಲ್ಲಿ ಇಟ್ಟನು. ಶತ್ರು ಎಂದರೆ ಇಲ್ಲಿ ಕೊಲ್ಲುವವನು. ಉದಾತ್ತ ಕೊನೆಯಲ್ಲಿದ್ದರೆ ಆ ಪದ ‘ಇಂದ್ರನನ್ನು ಕೊಲ್ಲುವವನು’ ಎಂಬ ತತ್ಪುರುಷವಾಗುತ್ತಿತ್ತು. ಮೊದಲಲ್ಲಿ ಬಿದ್ದುದರಿಂದ ‘ಇಂದ್ರನೇ ಯಾರನ್ನು ಕೊಲ್ಲುವನೋ ಅವನು’ ಎಂಬ ಬಹುವ್ರೀಹಿಯಾಗಿ, ಹುಟ್ಟಿದ ವೃತ್ರನು ಇಂದ್ರನ ಕೈಯಲ್ಲಿ ಸತ್ತನು. ಸ್ವರವನ್ನು ಕಳೆದುಕೊಂಡ ನಮಗೆ ಈ ಭೇದವನ್ನು ಸಂದರ್ಭವೇ ಹೇಳಬೇಕು.

ದ್ವಂದ್ವದ ವಿಷಯದಲ್ಲಿ ಎರಡು ಭಾಷೆಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಕನ್ನಡದಲ್ಲಿ ದ್ವಂದ್ವ ದಿನಬಳಕೆಯ ಸಂಪತ್ತು: ಗಿಡಮರಗಳು, ಕೆರೆಕಟ್ಟೆಗಳು, ಅಣ್ಣತಮ್ಮಂದಿರು. ಎರಡೂ ಪದಗಳು ಪ್ರಧಾನವಾಗಿರುವುದರಿಂದ ‘ಗಂಡಹೆಂಡತಿ ಬಂದರು’ ಎಂಬಲ್ಲಿ ಪದಕ್ಕೆ ಬಹುವಚನ ಪ್ರತ್ಯಯವೇ ಇಲ್ಲದಿದ್ದರೂ ಕ್ರಿಯಾಪದ ಬಹುವಚನದಲ್ಲಿ ನಿಲ್ಲುತ್ತದೆ. ‘ಬಂದಳು’ ಎಂದರೆ ಕಿವಿಗೆ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಗಂಡಹೆಂಡತಿಯನ್ನು ಹೀಗೆ ಒಂದೇ ನಾಮಪದವಾಗಿ ಬೆಸೆಯಲು ಬರುವುದಿಲ್ಲ, ನಡುವೆ ‘ಆಂಡ್’ ಬೇಕೇ ಬೇಕು.

ಹಲವು ಟಿಪ್ಪಣಿಗಳು ಇಂಗ್ಲಿಷಿನ ದ್ವಂದ್ವಕ್ಕೆ ‘ಸಿಂಗರ್-ಸಾಂಗ್‌ರೈಟರ್’ ಎಂಬ ಉದಾಹರಣೆ ಕೊಡುತ್ತವೆ. ನಮ್ಮ ವ್ಯಾಕರಣದ ದೃಷ್ಟಿಯಿಂದ ಇದು ಒಪ್ಪತಕ್ಕದ್ದಲ್ಲ. ಹಾಡುವವರೂ ಹಾಡು ಬರೆಯುವವರೂ ಅಲ್ಲಿ ಇಬ್ಬರಲ್ಲ, ಒಬ್ಬರೇ, ಕ್ರಿಯಾಪದವೂ ಏಕವಚನದಲ್ಲಿರುತ್ತದೆ. ಪತ್ರಿಕೆಗಳಲ್ಲಿ ಕಾಣುವ ‘ನಟನಿರ್ದೇಶಕನು ಬಂದನು’ ಎಂಬಂಥ ಪ್ರಯೋಗವನ್ನು ‘ನಟನಟಿಯರು ಬಂದರು’ ಎಂಬುದರ ಪಕ್ಕದಲ್ಲಿಟ್ಟರೆ ಭೇದ ತಿಳಿಯುತ್ತದೆ. ಮೊದಲನೆಯದು ‘ನಟನೂ ಆದ ನಿರ್ದೇಶಕ’ ಎಂದು ಬಿಡಿಸಬೇಕಾದ ಕರ್ಮಧಾರಯ, ಎರಡನೆಯದು ಮಾತ್ರ ದ್ವಂದ್ವ. ಇಂಗ್ಲಿಷಿನಲ್ಲಿ ನಿಜವಾದ ದ್ವಂದ್ವಕ್ಕೆ ಹತ್ತಿರ ಬರುವವು ‘ಆಸ್ಟ್ರಿಯಾ-ಹಂಗೆರಿ’ಯಂಥ ಸ್ಥಳನಾಮಗಳು. ಮತ್ತೊಂದು ಪದಕ್ಕೆ ವಿಶೇಷಣವಾಗಿ ನಿಂತಾಗ ಮಾತ್ರ ಸಾಮಾನ್ಯ ಪದಗಳೂ ದ್ವಂದ್ವವಾಗುತ್ತವೆ, ‘ಮದರ್-ಡಾಟರ್ ರಿಲೇಷನ್‌ಶಿಪ್’ ಎಂಬಲ್ಲಿ ಇರುವಂತೆ. ನಾವು ‘ತಾಯಿಮಗಳ ಸಂಬಂಧ’ ಎನ್ನುತ್ತೇವೆ. ಆದರೆ ‘ತಾಯಿಮಗಳು ಬಂದರು’ ಎಂದು ಅದೇ ಪದವನ್ನು ಒಂಟಿಯಾಗಿಯೂ ನಿಲ್ಲಿಸಬಲ್ಲೆವು, ಇಂಗ್ಲಿಷಿಗೆ ಅದು ಸಾಧ್ಯವಿಲ್ಲ.

ಸಂಖ್ಯಾವಾಚಕಗಳಲ್ಲಿ ಮಾತ್ರ ಎರಡೂ ಭಾಷೆಗಳು ಅಚ್ಚರಿಯಾಗುವಷ್ಟು ಹತ್ತಿರ ಬರುತ್ತವೆ. ಹದಿನಾಲ್ಕು ಎಂದರೆ ಹತ್ತೂ ನಾಲ್ಕೂ, ಕೂಡಿಸುವ ಸಂಬಂಧ, ಅಂದರೆ ದ್ವಂದ್ವದ ರೀತಿ. ನಲವತ್ತು ಎಂದರೆ ನಾಲ್ಕು ಹತ್ತುಗಳು, ಪೂರ್ವಪದ ಎಣಿಸುತ್ತದೆ, ಅಂದರೆ ದ್ವಿಗುವಿನ ರೀತಿ. ಇಂಗ್ಲಿಷಿನ ‘ಫೋರ್ಟೀನ್’ ಮತ್ತು ‘ಫಾರ್ಟಿ’ ಕೂಡ ಇದೇ ಎರಡು ಸಂಬಂಧಗಳಿಂದ ಹುಟ್ಟಿದವು. ಎರಡರ ಕೊನೆಯಲ್ಲೂ ಅಡಗಿರುವುದು ಹತ್ತೇ.

ದ್ವಂದ್ವವೆಂದು ತೋರಿಯೂ ದ್ವಂದ್ವವಲ್ಲದ ಪದಗಳು ಕನ್ನಡದಲ್ಲಿವೆ. ‘ಪುಸ್ತಕಗಿಸ್ತಕ’ ಎಂಬಲ್ಲಿ ಗಿಸ್ತಕಕ್ಕೆ ತನ್ನದೇ ಅರ್ಥವಿಲ್ಲ, ಆದ್ದರಿಂದ ‘ಪುಸ್ತಕವೂ ಗಿಸ್ತಕವೂ’ ಎಂಬ ವಿಗ್ರಹ ನಿಲ್ಲುವುದಿಲ್ಲ. ಅದು ‘ಪುಸ್ತಕ ಮೊದಲಾದವು’ ಎಂಬ ಭಾವವನ್ನು ಕೊಡುವ ಜೋಡಿ. ‘ಊ’ ಸೇರಿಸಿ ಬಿಡಿಸಿದಾಗ ಎರಡೂ ಪದಗಳು ಸ್ವಂತ ಅರ್ಥದಿಂದ ನಿಲ್ಲುತ್ತವೆಯೇ ಎಂದು ನೋಡಿದರೆ ಈ ಭ್ರಮೆ ಕಳೆಯುತ್ತದೆ.

ಉಳಿದದ್ದು ಪೂರ್ವಪದ ಪ್ರಧಾನವಾದ ಅಂಶಿಸಮಾಸ. ‘ಕೈಯ ಮುಂದು’ ಮುಂಗೈ, ‘ಬೆರಳಿನ ತುದಿ’ ತುದಿಬೆರಳು. ಭಾಗದ ಹೆಸರು ಮೊದಲು ಬಂದು, ಇಡಿಯ ಹೆಸರು ನಂತರ ಬರುತ್ತದೆ. ಇಂಗ್ಲಿಷಿನ ‘ಫೋರಾರ್ಮ್’ ಮುಂಗೈಯಂತೆಯೇ ಕಟ್ಟಿಕೊಂಡಿದೆ, ಆದರೆ ಅಲ್ಲಿನ ‘ಫೋರ್’ ಅನ್ನು ಅವರು ಹೆಚ್ಚಾಗಿ ಉಪಸರ್ಗವೆಂದು ಎಣಿಸುತ್ತಾರೆ. ತುದಿಬೆರಳಿಗೆ ಅವರಲ್ಲಿರುವ ‘ಫಿಂಗರ್‌ಟಿಪ್’ ಮಾತ್ರ ಕ್ರಮವನ್ನು ತಿರುಗಿಸಿ, ತುದಿಯನ್ನು ಕೊನೆಯಲ್ಲಿಟ್ಟು, ಷಷ್ಠೀ ತತ್ಪುರುಷದ ಸಾಲಿಗೆ ಸೇರುತ್ತದೆ. ಅನುವಾದದಲ್ಲಿ ಅರ್ಥ ಒಂದೇ ಆದರೂ ಸಮಾಸ ಒಂದೇ ಆಗಿರಬೇಕಾಗಿಲ್ಲ. ‘ಪಿಕ್‌ಪಾಕೆಟ್’ ಎಂಬಲ್ಲಿ ಕದಿಯುವುದೂ ಜೇಬೂ ಇವೆಯೇ ಹೊರತು ಕಳ್ಳನನ್ನು ಹೆಸರಿಸುವ ಪದವಿಲ್ಲವಾದ್ದರಿಂದ ಅದು ಅನ್ಯಪದ ಪ್ರಧಾನ. ನಮ್ಮ ಜೇಬುಗಳ್ಳನಲ್ಲಿ ಕಳ್ಳ ಉತ್ತರಪದವಾಗಿ ಎದುರಿಗೇ ನಿಂತಿರುವುದರಿಂದ ಅದು ತತ್ಪುರುಷ.