ಸಾವಿರ ಸಿಸಿ ಟರ್ಬೊ ಮತ್ತು ಆಯಿಲ್‌ನೊಳಗಿನ ಬೆಲ್ಟ್

ನಮ್ಮಲ್ಲಿ ಪುಟ್ಟ ಟರ್ಬೊ ಪೆಟ್ರೋಲ್ ಎಂಜಿನ್‌ಗೆ ದಾರಿ ಮಾಡಿದ್ದು ತೆರಿಗೆ. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರ್‌ ಉದ್ದ, 1200 ಸಿಸಿ ಮಿತಿಯೊಳಗಿನ ಪೆಟ್ರೋಲ್ ಕಾರುಗಳ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಅದೇ ಕಾಲಕ್ಕೆ ಯುರೋಪಿನಲ್ಲಿ ಹೊಗೆಯ ಮಿತಿ ಬಿಗಿಯಾಗುತ್ತಿತ್ತು. ಎಂಜಿನ್ ಕುಗ್ಗಿಸಿ, ಕಳೆದ ಶಕ್ತಿಯನ್ನು ಟರ್ಬೊದಿಂದ ತುಂಬಿಸಿಕೊಳ್ಳುವುದು ಎರಡೂ ಕಡೆ ಲಾಭವೆನಿಸಿತು.

2013ರಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟ್‌ನಲ್ಲಿ ಟರ್ಬೊ ಇರುವ, ಇಲ್ಲದ ಎರಡು ಬಗೆಯ ಎಂಜಿನ್‌ಗಳನ್ನೂ ಒಂದೇ ಕಾರಿನಲ್ಲಿ ಹೋಲಿಸಬಹುದು. ಟರ್ಬೊ ಇಲ್ಲದ 1.5 ಲೀಟರ್ ಎಂಜಿನ್‌ನ ಟಾರ್ಕ್ 140 ಎನ್‌ಎಂ, ಅದೂ 4,400 ಆರ್‌ಪಿಎಂ ತಲುಪಿದ ಮೇಲೆ. ಮೂರು ಸಿಲಿಂಡರ್‌ನ 999 ಸಿಸಿ ಟರ್ಬೊ ಎಂಜಿನ್ ಇಕೋಬೂಸ್ಟ್ 1,400ಕ್ಕೇ 170 ಎನ್‌ಎಂ ಕೊಡುತ್ತಿತ್ತು. 2012ರಿಂದ ಸತತ ಮೂರು ವರ್ಷ ಅದು ವಿಶ್ವದ ಅತ್ಯುತ್ತಮ ಎಂಜಿನ್ ಪ್ರಶಸ್ತಿಯನ್ನೂ ಪಡೆದಿತ್ತು.

ಅದರ ದೌರ್ಬಲ್ಯ ಇರುವುದು ಟರ್ಬೊದಲ್ಲಲ್ಲ, ಬೆಲ್ಟ್‌ನಲ್ಲಿ. ಘರ್ಷಣೆ ತಗ್ಗಿಸಲೆಂದು ಟೈಮಿಂಗ್ ಬೆಲ್ಟ್ ಮತ್ತು ಆಯಿಲ್ ಪಂಪ್ ತಿರುಗಿಸುವ ಬೆಲ್ಟ್ ಎರಡನ್ನೂ ಎಂಜಿನ್ ಆಯಿಲ್‌ನಲ್ಲೇ ಓಡುವಂತೆ ಮಾಡಿದ್ದರು. ಸಣ್ಣ ಸಣ್ಣ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಸುಡದ ಪೆಟ್ರೋಲ್ ಆಯಿಲ್‌ಗೆ ಇಳಿದು ರಬ್ಬರನ್ನು ಮೆತ್ತಗಾಗಿಸುತ್ತದೆ. ಬೇರೆ ಗ್ರೇಡಿನ ಆಯಿಲ್ ಅಥವಾ ಅವಧಿ ಮೀರಿದ ಸರ್ವಿಸ್ ಇದಕ್ಕೆ ಇಂಬು ಕೊಡುತ್ತದೆ. ಕಿತ್ತುಬಂದ ರಬ್ಬರ್ ಚೂರುಗಳು ಪಂಪ್ ಆಯಿಲ್ ಎಳೆದುಕೊಳ್ಳುವ ಜಾಲರಿಗೆ ಅಂಟುತ್ತವೆ. ಒತ್ತಡ ಕುಸಿದಾಗ ಮೊದಲು ನಲುಗುವುದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ಬೇರಿಂಗ್, ಆಮೇಲೆ ಕ್ರ್ಯಾಂಕ್ ಬೇರಿಂಗ್‌ಗಳು. 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಫೋರ್ಡ್ ಇದೇ ಎಂಜಿನ್‌ನ ಕಾರುಗಳನ್ನು ವಾಪಸ್ ಕರೆದದ್ದೂ ಆಯಿಲ್ ಪಂಪ್ ಬೆಲ್ಟ್ ಮತ್ತು ಅದರ ಟೆನ್ಷನರ್‌ಗಾಗಿಯೇ.

ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. ಬಿಸಿ ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ದೀಪ ಮಿನುಗುತ್ತದೆ. ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಸರಿಯಾಗಿಯೇ ಇರುತ್ತದೆ. ದೀಪ ಹೇಳುವುದು ಮಟ್ಟವನ್ನಲ್ಲ, ಒತ್ತಡವನ್ನು. ಅಲ್ಲೇ ಆಫ್ ಮಾಡಿ, ಟೋ ಮಾಡಿಸಬೇಕು.

ಮೊದಲ 1.5 ಎಂಜಿನ್‌ನ ಬೆಲ್ಟ್ ಹೊರಗೆ, ಒಣಗಿರುವ ಜಾಗದಲ್ಲಿತ್ತು. ಕವರ್ ಬಿಚ್ಚಿ ಬದಲಿಸಿದರಾಯಿತು. ಇಕೋಬೂಸ್ಟ್‌ನಲ್ಲಿ ಮುಂಭಾಗದ ಕವರ್ ತೆಗೆದು, ವಿಶೇಷ ಲಾಕಿಂಗ್ ಉಪಕರಣ ಹಾಕಿ, ಮತ್ತೆ ಸೀಲ್ ಮಾಡಬೇಕು. ಕೂಲಿಯ ದೊಡ್ಡ ವ್ಯತ್ಯಾಸ ಬರುವುದು ಇಲ್ಲೇ. 1.5ರಲ್ಲಿ ಪೆಟ್ರೋಲ್ ವಾಲ್ವ್‌ಗಳ ಮೇಲೆ ಸಿಂಪಡಣೆಯಾಗುವುದರಿಂದ ಅವು ತೊಳೆದುಕೊಳ್ಳುತ್ತವೆ. ನೇರ ಇಂಜೆಕ್ಷನ್‌ನ ಇಕೋಬೂಸ್ಟ್‌ನಲ್ಲಿ ಅಲ್ಲಿ ಮಸಿ ಕಟ್ಟುತ್ತದೆ. ಆದರೆ 2017ರಲ್ಲಿ ಬಂದ ಮೂರು ಸಿಲಿಂಡರ್‌ನ 1.5ಕ್ಕೂ ಆಯಿಲ್‌ನೊಳಗಿನ ಬೆಲ್ಟೇ ಇದೆ. ಟರ್ಬೊ ಇಲ್ಲವೆಂದು ನಿಶ್ಚಿಂತೆಯಿಂದ ಕೊಳ್ಳುವಂತಿಲ್ಲ.

ಹಳೆಯ ಇಕೋಬೂಸ್ಟ್ ಕೊಳ್ಳುವವರು ಬಿಲ್‌ಗಳಲ್ಲಿ ಫೋರ್ಡ್ ಸೂಚಿಸಿದ 5ಡಬ್ಲ್ಯೂ-20 ಆಯಿಲ್ ಇದೆಯೇ ನೋಡಿ. ಆಯಿಲ್ ಸಂಪ್ ಇಳಿಸಿ ಜಾಲರಿ ತೋರಿಸಲು ಹೇಳಿ. ಕಪ್ಪು ರಬ್ಬರ್ ಚೂರು ಕಂಡರೆ ತೊಳೆದು ಮುಚ್ಚಲು ಒಪ್ಪಬೇಡಿ. ಎರಡೂ ಬೆಲ್ಟ್ ಬದಲಿಸುವ ಖರ್ಚನ್ನು ಕಾರಿನ ಬೆಲೆಯಲ್ಲಿ ಕಳೆಯಿರಿ.